ಜಲಜಕ್ಕನಿಗೆ ಹಾಕಿದ ಸೊನ್ನೆ

ಉಪ್ಪುಂದದ ಜಲಜಕ್ಕನಿಗೆ ಅನುಕಂಪಕ್ಕೆ ಸೊನ್ನೆ ಮಾರ್ಕು ಹಾಕಿದ ಮನುಷ್ಯ ನಾನೇ. ಬೇರೆಯವರ ಬಾಯಿಂದ ನಿಮಗೆ ತಿಳಿಯುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಆಫೀಸಿನವರು ಹೇಳಿದರೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ, ನಾನು ಉಪ್ಪು ಮಾತ್ರ ಹಚ್ಚುತ್ತೇನೆ.

ಆಫೀಸು ಅಂದೆನಲ್ಲ, ಅದು ಕುಂದಾಪುರದ ಹೊಸ ಬಸ್ ನಿಲ್ದಾಣದ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದೆ. ಮಿಕ್ಸಿ, ಗ್ರೈಂಡರ್, ಗ್ಯಾಸ್ ಒಲೆ ಮಾರುವ ಒಂದು ಕಂಪನಿಗೆ ಬರುವ ದೂರಿನ ಫೋನುಗಳನ್ನು ಅಲ್ಲಿ ಹದಿನಾಲ್ಕು ಜನ ಕೂತು ತೆಗೆಯುತ್ತಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರ ಮನೆಯ ಮಿಕ್ಸಿ ಕೆಟ್ಟರೂ ಗಂಟೆ ಬಾರಿಸುವುದು ಅಲ್ಲಿ. ನನ್ನ ಕೆಲಸ ಫೋನು ತೆಗೆಯುವುದಲ್ಲ. ತೆಗೆದವರಿಗೆ ಮಾರ್ಕು ಹಾಕುವುದು. ಇಪ್ಪತ್ತಾರು ವರ್ಷ ಮುಂಬೈಯ ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿ ಮಾಣಿಗಳ ತಪ್ಪು ಹಿಡಿದವನು ನಾನು. ಊರಿಗೆ ಬಂದ ಮೇಲೆ ತಪ್ಪು ಹಿಡಿಯದೆ ಉಂಡದ್ದು ಅರಗುತ್ತಿರಲಿಲ್ಲ. ದೇವರು ಹುಡುಕಿ ಕೊಟ್ಟ ಕೆಲಸ ಇದು.

ಕೆಲಸದ ರೀತಿ ಹೇಳುತ್ತೇನೆ, ಕಷ್ಟ ಏನಿಲ್ಲ. ಪ್ರತಿ ಫೋನಿನ ಮಾತೂ ರೆಕಾರ್ಡ್ ಆಗುತ್ತದೆ. ಕಂಪ್ಯೂಟರು ಆ ಮಾತನ್ನು ಕೇಳಿ ಅಕ್ಷರ ಮಾಡುತ್ತದೆ, ಆಮೇಲೆ ಅದನ್ನು ಹಿಂಡಿ ಆರೇಳು ಸಾಲಿನ ಸಾರಾಂಶ ಬರೆಯುತ್ತದೆ. ಒಬ್ಬೊಬ್ಬರ ಐದು ಫೋನಿನ ಸಾರಾಂಶ ತಿಂಗಳಿಗೊಮ್ಮೆ ನನ್ನ ಮುಂದೆ ಬರುತ್ತದೆ. ನಮಸ್ಕಾರ ಸರಿ ಹೇಳಿದರಾ, ಎದುರಿನವರ ಕಷ್ಟಕ್ಕೆ ಮರುಗಿದರಾ, ಕೊಟ್ಟ ಮಾಹಿತಿ ಸರಿಯಾ, ಕೊನೆಗೆ ಮಾತು ಚೆಂದ ಮುಗಿಸಿದರಾ, ಈ ನಾಲ್ಕಕ್ಕೆ ಇಪ್ಪತ್ತೈದರಂತೆ ನೂರು ಮಾರ್ಕು. ಐದರ ಸರಾಸರಿ ಎಪ್ಪತ್ತೈದಕ್ಕಿಂತ ಕೆಳಗೆ ಬಿದ್ದರೆ ಮುಂದಿನ ಒಂದನೇ ತಾರೀಖಿನಿಂದ ಫೋನಿನಿಂದ ಎಬ್ಬಿಸಿ ಟೈಪ್ ಮಾಡುವ ಮೂಲೆಗೆ ಕೂರಿಸುತ್ತಾರೆ. ಪ್ರತಿ ತಲೆಬರಹದ ಪಕ್ಕ ಒಂದು ಸಣ್ಣ ಚೌಕವೂ ಇದೆ, 'ಸಾರಾಂಶದಿಂದ ತಿಳಿಯುವುದಿಲ್ಲ, ರೆಕಾರ್ಡ್ ಕೇಳಬೇಕು' ಅಂತ. ಎರಡು ವರ್ಷದಲ್ಲಿ ಆ ಚೌಕಕ್ಕೆ ನಾನು ಒಮ್ಮೆಯೂ ಟಿಕ್ ಹಾಕಿರಲಿಲ್ಲ. ತಿಳಿಯುವುದಿಲ್ಲ ಅಂತ ಬರೆದುಕೊಡಲು ನನ್ನನ್ನು ಯಾಕೆ ಇಟ್ಟುಕೊಂಡಿದ್ದಾರೆ ಅನ್ನುವ ಜಂಬ.

ಜಲಜಕ್ಕ ಈ ಆಫೀಸಿಗೆ ಕೆಲಸ ಕೇಳಿಕೊಂಡು ಬಂದವಳಲ್ಲ, ಜಗಳಕ್ಕೆ ಬಂದವಳು. ಬೈಂದೂರು ಕಡೆ ಹದಿನೆಂಟು ವರ್ಷ ಮನೆಮನೆಗೆ ಮೀನು ಮಾರಿದವಳು. ಮಂಡಿ ನೋವು ಶುರುವಾಗಿ ಬುಟ್ಟಿ ಇಳಿಸಿದ ವರ್ಷವೇ ಅವಳ ಮಿಕ್ಸಿ ಸುಟ್ಟಿತು. ಫೋನು ಮಾಡಿದರೆ ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರಂತೆ. ಮರುದಿನ ಮೀನಿನ ಬುಟ್ಟಿಯಲ್ಲಿ ಮಿಕ್ಸಿ ಇಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ಬಂದವಳು ಮಾತಾಡಿದಳು ನೋಡಿ, ಬಟ್ಟೆ ಅಂಗಡಿಯ ಗಿರಾಕಿಗಳೆಲ್ಲ ಮೇಲೆ ಬಂದರು. ಆಗಿನ ಮ್ಯಾನೇಜರು ಮಿಕ್ಸಿಯನ್ನೂ ರಿಪೇರಿ ಮಾಡಿಸಿಕೊಟ್ಟು, ಅವಳಿಗೊಂದು ಕುರ್ಚಿಯನ್ನೂ ಕೊಟ್ಟರು. ಅಷ್ಟು ಹೊತ್ತು ಬೈದರೂ ಒಂದು ಕೆಟ್ಟ ಶಬ್ದ ಅವಳ ಬಾಯಿಂದ ಬಂದಿರಲಿಲ್ಲವಂತೆ.

ಅವಳು ಬಂದ ಮೇಲೆ ಗಿರಾಕಿಗಳು ಫೋನಿನಲ್ಲಿ "ಜಲಜಕ್ಕ ಇದ್ರಾ" ಅಂತ ಕೇಳಲು ಶುರು ಮಾಡಿದರು. ಕಂಪನಿ ಹೇಳಿಕೊಟ್ಟ ನಮಸ್ಕಾರವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿ, ಕೂಡಲೇ "ಹೇಳಿ ಕಾಂಬ, ಎಂತ ಆಯ್ತ್" ಅನ್ನುವಳು, ಹೇಳಿ ನೋಡೋಣ ಅನ್ನುವ ಹಾಗೆ. ಆ ಎರಡನೆಯ ಮಾತಿಗೇ ಜನ ಅರ್ಧ ತಣ್ಣಗಾಗುತ್ತಿದ್ದರು. ನನ್ನನ್ನು 'ಮಾರ್ಕಿನ ಮಾಷ್ಟ್ರು' ಅಂತ ಕರೆದು ಆಫೀಸಿಗೆಲ್ಲ ಆ ಹೆಸರು ಅಂಟಿಸಿದವಳೂ ಅವಳೇ. ಅದು ನನ್ನ ಹೊಟ್ಟೆಯಲ್ಲಿ ಸ್ವಲ್ಪ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ಗುರುವಾರ ಅವಳ ತಿಂಗಳ ಐದನೆಯ ಸಾರಾಂಶ ತೆರೆದೆ. ಮೊದಲಿನ ನಾಲ್ಕರಲ್ಲಿ ಎಪ್ಪತ್ತಾರು, ಎಪ್ಪತ್ತೊಂಬತ್ತು ಅಂತ ಬಂದು ಅವಳು ಸರಿಯಾಗಿ ದಡದಲ್ಲಿದ್ದಳು. ಕಂಪ್ಯೂಟರು ಎರಡು ಸಲ ನಿಂತು ನಿಂತು ಹೋಯಿತು. "ಎಂತ ಸಾವ್ ಮರ್ರೆ ಈ ಕಂಪ್ಯೂಟರಿಂದ್" ಅಂದೆ. ಈ ಮಾತು ನಾನು ಅಂದದ್ದು ನೆನಪಿಟ್ಟುಕೊಳ್ಳಿ. ಆಮೇಲೆ ಪರದೆಯ ಮೇಲೆ ಇದು ಬಂತು:

'ಬೀಜಾಡಿಯ ಗ್ರಾಹಕರು, ಹೆಸರು ಸುಗುಣ, ಮಿಕ್ಸಿ ನಡುವೆ ನಿಂತಿತೆಂದು ದೂರಿದರು. ಒಂದು ಸಾವಿನ ಬಗ್ಗೆ ಪ್ರಸ್ತಾಪಿಸಿದರು. ಏಜೆಂಟ್ ನಕ್ಕರು. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಲು ಏಜೆಂಟ್ ತಿಳಿಸಿದರು, ಮಿಕ್ಸಿ ಚಾಲೂ ಆಯಿತು. ಎರಡು ವರ್ಷದ ವಾರಂಟಿ ಇತ್ತು ಎಂದು ಏಜೆಂಟ್ ತಿಳಿಸಿದರು. ತಾವು ಬರುವುದಾಗಿ ಭರವಸೆ ನೀಡಿ ಕರೆ ಮುಗಿಸಿದರು.'

ನನ್ನ ಮೈ ಉರಿದುಹೋಯಿತು. ಎದುರಿನವರು ಸಾವಿನ ಸುದ್ದಿ ಹೇಳುವಾಗ ನಗುವುದೇ. ನಮಸ್ಕಾರದ ಸುದ್ದಿಯೇ ಸಾರಾಂಶದಲ್ಲಿಲ್ಲ, ಐದು ಮಾರ್ಕು. ಅನುಕಂಪ, ಸೊನ್ನೆ. ಆ ಮಿಕ್ಸಿ ತೆಗೆದುಕೊಂಡು ಎಂಟು ತಿಂಗಳು, ವಾರಂಟಿ ಈಗಲೂ ಇರುವಾಗ 'ಇತ್ತು' ಅಂದರೆ ತಪ್ಪು ಮಾಹಿತಿ, ಹತ್ತು ಕಡಿದು ಹದಿನೈದು. ನಮ್ಮ ಏಜೆಂಟರು ಯಾರ ಮನೆಗೂ ಹೋಗುವವರಲ್ಲ, ಬರುತ್ತೇನೆಂದು ಸುಳ್ಳು ಭರವಸೆ ಕೊಟ್ಟದ್ದಕ್ಕೆ ಮುಕ್ತಾಯದಲ್ಲಿ ಹತ್ತು. ಒಟ್ಟು ಮೂವತ್ತು. ಸರಾಸರಿ ಅರವತ್ತೊಂಬತ್ತಕ್ಕೆ ಬಂದು ಕೂತಿತು.

ಮಧ್ಯಾಹ್ನ ಅವಳನ್ನು ಕರೆದು ಕಾಗದ ಮುಂದಿಟ್ಟೆ. ಒಂದನೇ ತಾರೀಖಿಗೆ ಇನ್ನು ಆರು ದಿನ ಇತ್ತು. ಟೈಪ್ ಮಾಡುವ ಮೂಲೆ ಅಂದರೆ ಅವಳ ಪಾಲಿಗೆ ಮನೆಗೆ ಹೋದ ಹಾಗೇ. ಒಂದು ಬೆರಳಿನಲ್ಲಿ ಅಕ್ಷರ ಹುಡುಕುವವಳು ಅಲ್ಲಿ ಒಂದು ವಾರ ಉಳಿಯುವುದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ಜಗಳಕ್ಕೆ ನಾನು ತಯಾರಾಗಿಯೇ ಕೂತಿದ್ದೆ, ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು.

ಅವಳು ಜಗಳ ಮಾಡಲಿಲ್ಲ. ಕಾಗದವನ್ನು ಎರಡು ಸಲ ಓದಿದಳು.

"ರತ್ನಾಕರಣ್ಣ, ಯಾರ್ ಸತ್ತದ್ದ್ ಅವ್ರ ಮನಿಯಗೆ?"

"ಅದ್ ನಿಮ್ಗೆ ಗೊತ್ತಿರ್ಕ್. ಕೇಂಡ್ ನೆಗಾಡಿದ್ದ್ ನೀವ್."

"ದಿನಕ್ ಎಪ್ಪತ್ ಫೋನ್ ಬತ್ತ್. ಬೀಜಾಡಿ ಸುಗುಣ ಅಂದ್ರೆ ನಂಗೆ ನೆನ್ಪಾತಿಲ್ಲೆ." ಕಾಗದವನ್ನು ಮತ್ತೆ ನೋಡಿ, "ನಾನ್ ಹಾಂಗ್ ನೆಗಾಡುವಳಲ್ಲ," ಅಂದಳು. ಮತ್ತೆ ನನ್ನ ಮುಖ ನೋಡಿ, "ನೆಗಾಡ್ದ್ನಾ?" ಅಂತ ಕೇಳಿದಳು.

ಆ ಪ್ರಶ್ನೆ ನನ್ನನ್ನು ಕೇಳಿದ್ದಲ್ಲ, ತನ್ನನ್ನೇ ಕೇಳಿಕೊಂಡದ್ದು. ರೆಕಾರ್ಡು ಅಲ್ಲೇ ಕಂಪ್ಯೂಟರಿನಲ್ಲಿತ್ತು, ಒಂದು ಗುಂಡಿ ಒತ್ತಿದರೆ ನಾಲ್ಕು ನಿಮಿಷದ ಮಾತು. ನಾನು ಒತ್ತಲಿಲ್ಲ. "ಸಾರಾಂಶದಗೆ ಇದ್ದದ್ ಇದ್ದಾಂಗೆ," ಅಂದೆ. ತಕರಾರಿದ್ದರೆ ಮೂರು ದಿನದೊಳಗೆ ಬರೆದುಕೊಡಬಹುದು ಅಂತಲೂ ಹೇಳಿದೆ, ನಿಯಮ ಹೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಅವಳು ಬರೆದುಕೊಡಲಿಲ್ಲ. ನಕ್ಕಿರಲೂಬಹುದು ಅಂತ ಅವಳಿಗೇ ಅನ್ನಿಸಿಬಿಟ್ಟಿತ್ತು.

ಉಪ್ಪುಂದದಲ್ಲಿ ಯಾರ ಮನೆಯಲ್ಲಿ ಸಾವಾದರೂ ಚಹಾದ ಪಾತ್ರೆ ಹಿಡಿದು ಮೊದಲು ಹೋಗುವುದು ಜಲಜಕ್ಕ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಸೊನ್ನೆ ಹಾಕಿದೆ, ಯಾಕೆಂದರೆ ಸಾರಾಂಶದಲ್ಲಿ ಚಹಾದ ಪಾತ್ರೆ ಇರಲಿಲ್ಲ. ಶುಕ್ರವಾರ ಅವಳು ಬುತ್ತಿ ಬಿಚ್ಚಲಿಲ್ಲ. ಫೋನಿನಲ್ಲಿ 'ಹೇಳಿ ಕಾಂಬ' ಕೇಳಿಸಲಿಲ್ಲ. ಯಾರಾದರೂ ತಮಾಷೆ ಮಾಡಿದರೆ ನಗು ಬರುವ ಮೊದಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಅದನ್ನು ಕಂಡು ನನಗೆ ಒಳಗೆ ಚುಚ್ಚಿತು. ಚುಚ್ಚಿದ್ದಕ್ಕೆ ಸಿಟ್ಟು ಬಂದು, ಪಕ್ಕದವನ ಒಂದು ಸಾರಾಂಶದಲ್ಲಿ ಐದು ಮಾರ್ಕು ಕಡಿದೆ.

ಶನಿವಾರ ಬೆಳಿಗ್ಗೆ ಬೆಂಗಳೂರಿನ ಹೆಡ್ ಆಫೀಸಿನಿಂದ ಶರ್ಮಿಳಾ ಮೇಡಂ ಫೋನು ಮಾಡಿದರು. ನಮ್ಮೆಲ್ಲರ ಮಾರ್ಕಿಗೆ ಮೇಲಿನವರು ಅವರು. ಎಲ್ಲಿಯಾದರೂ ಸೊನ್ನೆ ಬಿದ್ದರೆ ತಾನಾಗಿ ಅವರ ಮೇಜಿಗೆ ಹೋಗುತ್ತದೆ.

"ರತ್ನಾಕರ್, ಸಾವು ಅಂತ ಇದೆಯಲ್ಲ, ಮಿಕ್ಸಿಯಿಂದ ಯಾರಿಗಾದರೂ ಶಾಕ್ ಹೊಡೆಯಿತಾ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲದೆ ಎರಡು ದಿನ ಸುಮ್ಮನೆ ಕೂತಿದ್ದೀರಾ? ಈಗಲೇ ಆ ಮನೆಗೆ ಫೋನ್ ಮಾಡಿ ಸಂತಾಪ ಹೇಳಿ, ಏನಾಯಿತು ಅಂತ ತಿಳಿದುಕೊಳ್ಳಿ. ರೆಕಾರ್ಡ್ ಲೈನಿನಲ್ಲೇ ಮಾಡಿ."

ನಾನು ಗಂಟಲು ಸರಿ ಮಾಡಿಕೊಂಡು ಕೂತೆ. ಇಷ್ಟು ದಿನ ಎಲ್ಲರಿಗೂ ಪಾಠ ಹೇಳಿದವನು, ಹೇಗೆ ಮಾತಾಡಬೇಕೆಂದು ಇವತ್ತು ತೋರಿಸಿಯೇ ಬಿಡುತ್ತೇನೆ ಅನ್ನುವ ಹುರುಪು. ಜಲಜಕ್ಕ ಎರಡು ಕುರ್ಚಿ ಆಚೆ ಇದ್ದಳು. ಅವಳಿಗೆ ಕೇಳುವ ಹಾಗೆ ಧ್ವನಿ ಸ್ವಲ್ಪ ಏರಿಸಿದೆ ಕೂಡ.

"ನಮಸ್ಕಾರ ಸುಗುಣ ಅವರೇ, ಮಿಕ್ಸಿ ಕಂಪನಿಯ ಗ್ರಾಹಕ ಸೇವೆಯಿಂದ ರತ್ನಾಕರ ಮಾತಾಡುತ್ತಿದ್ದೇನೆ. ನಿಮ್ಮ ಮನೆಯಲ್ಲಾದ ಸಾವಿಗೆ ನಮ್ಮೆಲ್ಲರ ಸಂತಾಪ. ಈ ದುಃಖದಲ್ಲಿ ನಾವು ನಿಮ್ಮೊಂದಿಗಿದ್ದೇವೆ."

ಆ ಕಡೆಯಿಂದ ಕಿವಿ ಒಡೆಯುವ ಹಾಗೆ ಕೂಗು.

"ಅಯ್ಯೋ ದೇವ್ರೆ, ನಮ್ಮನಿಯವ್ರಿಗ್ ಎಂತ ಆಯ್ತ್? ಬೆಳಿಗ್ಗೆ ತ್ರಾಸಿಗೆ ಬೈಕಗೆ ಹೋಯಿರ್. ಎಲ್ಲಿ ಬಿದ್ರ್? ಯಾರ್ ಹೇಳ್ದ್ರ್ ನಿಮ್ಗೆ?"

ಬರೆದಿಟ್ಟುಕೊಂಡ ಚೆಂದದ ಕನ್ನಡ ಎಲ್ಲಿಗೋ ಓಡಿಹೋಯಿತು. "ಇಲ್ಲೆ ಮರ್ರೆ, ಅವ್ರಿಗೆ ಎಂತದೂ ಆಯ್ಲಿಲ್ಲೆ. ತಪ್ಪಾಯ್ತ್, ತಪ್ಪಾಯ್ತ್. ಹ್ವಾದ್ ವಾರ ಮಿಕ್ಸಿ ಹಾಳಾದಾಗ ನೀವೇ ಅಲ್ದಾ ಹೇಳಿದ್ದ್, ಮನಿಯಗೆ ಸಾವಾಯ್ತ್ ಅಂದೇಳಿ?"

"ನಾನ್ ಹೇಳಿದ್ನಾ? ನೆಂಟ್ರ್ ಬಪ್ಪ ಹೊತ್ತಿಗೆ ಮಸಾಲೆ ಅರ್ಧ ಅರೆವಷ್ಟ್ರಗೆ ಮಿಕ್ಸಿ ನಿಂತ್ರೆ ಇನ್ನೆಂತ ಹೇಳುದ್? 'ಎಂತ ಸಾವ್ ಮರ್ರೆ ಇದ್' ಅಂದೆ. ಅದ್ಕೆ ನೀವ್ ಸಂತಾಪ ಹೇಳುದಾ? ಎಂತ ಸಾವ್ ಮರ್ರೆ ನಿಮ್ದ್."

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗಾಗಿ ಒಂದು ಮಾತು. ಬಸ್ಸು ತಡವಾದರೆ ಎಂತ ಸಾವು. ಕರೆಂಟು ಹೋದರೆ ಎಂತ ಸಾವು. ಅಳಿಯ ಹೇಳದೆ ಕೇಳದೆ ಬಂದರೂ ಅದೇ. ಅದರಲ್ಲಿ ಸಾಯುವವರು ಯಾರೂ ಇಲ್ಲ. ನಮ್ಮ ಮನೆಯವರು ನಿಜವಾಗಿ ಸತ್ತರೆ ನಾವು ಆ ಶಬ್ದ ಎತ್ತುವುದೇ ಇಲ್ಲ, 'ಹೋದರು' ಅನ್ನುತ್ತೇವೆ. ಇದು ಕಂಪ್ಯೂಟರಿಗೆ ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ಅದೇ ದಿನ ಅದೇ ಕುರ್ಚಿಯಲ್ಲಿ ಅದೇ ಮಾತನ್ನು ಅದೇ ಕಂಪ್ಯೂಟರಿಗೆ ಹೇಳಿದ ಕುಂದಾಪುರದ ರತ್ನಾಕರನಿಗೆ ಏನು ಹೇಳೋಣ?

ಸುಗುಣಕ್ಕ ಇನ್ನೂ ಬಿಟ್ಟಿರಲಿಲ್ಲ. "ಅವತ್ತ್ ಮಾತಾಡಿದ್ ಹೆಂಗ್ಸ್ ಎಷ್ಟ್ ಚೆಂದ ಮಾತಾಡಿರ್. ಅವ್ರತ್ರ ಕಲ್ತ್ಕಣಿ," ಅಂದರು. ನಾನು ಇನ್ನೊಮ್ಮೆ ತಪ್ಪಾಯ್ತು ಅಂದು, "ಬತ್ತೆ" ಅಂದು ಫೋನಿಟ್ಟೆ. ಇಟ್ಟ ಮೇಲೆ ಹೊಳೆಯಿತು, ಈಗ ನಾನೂ ಬರುವುದಾಗಿ ಭರವಸೆ ಕೊಟ್ಟೆನಲ್ಲ.

ಆಮೇಲೆ ಆ ಗುಂಡಿ ಒತ್ತಿ ಜಲಜಕ್ಕನ ನಾಲ್ಕು ನಿಮಿಷ ಕೇಳಿದೆ. ನಮಸ್ಕಾರ ಪೂರ್ತಿ ಇತ್ತು, ಸಾರಾಂಶ ಬರೆಯುವಾಗ ಉಪಚಾರದ ಮಾತೆಂದು ಕಂಪ್ಯೂಟರು ಬಿಟ್ಟಿತ್ತು ಅಷ್ಟೆ. ಸಾರಾಂಶದಲ್ಲಿ ಇಲ್ಲದ್ದು ಫೋನಿನಲ್ಲೂ ಇಲ್ಲ ಅಂತ ಲೆಕ್ಕ ಹಾಕಿದವನು ನಾನು. ಸುಗುಣಕ್ಕ ಎಂತ ಸಾವು ಅಂದಾಗ ಜಲಜಕ್ಕ ನಕ್ಕಿರಲಿಲ್ಲ. "ನೆಂಟ್ರ್ ಬಪ್ಪುಕ್ ಎಷ್ಟ್ ಹೊತ್ತಿತ್ತ್? ಹೆದ್ರಬೇಡಿ, ಸ್ವಿಚ್ ತೆಗ್ದ್ ಐದ್ ನಿಮಿಷ ಬಿಡಿ, ಮತ್ತೆ ಅಡಿಗೆ ಕೆಂಪು ಗುಂಡಿ ಇತ್ತ್, ಅದ್ ಒತ್ತಿ" ಅಂದಳು. ಹೆಚ್ಚು ತುಂಬಿಸಿ ಬಿಸಿಯಾದಾಗ ಮಿಕ್ಸಿ ತಾನೇ ನಿಲ್ಲಲು ಇಟ್ಟ ಗುಂಡಿ ಅದು, ಹೇಳಿದ್ದು ಸರಿಯೇ. ಮಿಕ್ಸಿ ಗುರ್ರ್ ಅಂದಾಗ ಇಬ್ಬರೂ ಒಟ್ಟಿಗೆ ನಕ್ಕರು, ಆ ನಗುವನ್ನೇ ಕಂಪ್ಯೂಟರು ಸಾವಿನ ಪಕ್ಕಕ್ಕೆ ತಂದು ಕೂರಿಸಿತ್ತು. "ಎರಡ್ ವರ್ಷ ವಾರಂಟಿ ಇತ್ತ್" ಅಂದಳು. ನಮ್ಮಲ್ಲಿ ಇತ್ತ್ ಅಂದರೆ ಈಗ ಇದೆ ಅಂತ. ಕೊನೆಗೆ "ಬತ್ತೆ" ಅಂದಳು. ಹೋಗುವಾಗ ಹೋಗುತ್ತೇನೆ ಅನ್ನುವವರು ನಮ್ಮ ಕಡೆ ಯಾರಿದ್ದಾರೆ? ನಾನೂ ದಿನಾ ಸಂಜೆ ಆಫೀಸಿನಿಂದ ಹೊರಡುವಾಗ ಅದನ್ನೇ ಹೇಳುತ್ತೇನೆ.

ಮೂವತ್ತು ಅಳಿಸಿ ತೊಂಬತ್ತು ಬರೆದೆ, ಸರಾಸರಿ ಎಂಬತ್ತೊಂದಾಯಿತು. ಶರ್ಮಿಳಾ ಮೇಡಂಗೆ ಎಲ್ಲವನ್ನೂ ಬರೆದು ಕಳಿಸಿದೆ. ಎದ್ದು ಹೋಗಿ ಜಲಜಕ್ಕನ ಕುರ್ಚಿಯ ಹತ್ತಿರ ನಿಂತೆ. ಇಂಥ ನಾಲ್ಕು ಹೆಜ್ಜೆ ನಾನು ಮುಂಬೈಯಲ್ಲೂ ನಡೆದವನಲ್ಲ.

"ಜಲಜಕ್ಕ, ಯಾರೂ ಸಾಯ್ಲಿಲ್ಲೆ. ಅದ್ ಕೇಂಡ್ ನೀವ್ ನೆಗಾಡ್ಲೂ ಇಲ್ಲೆ. ತಪ್ಪ್ ನಂದ್."

ಅವಳು ಹೆಡ್‌ಫೋನಿನ ವಯರು ಸುತ್ತಿದಳು. "ಕೆಲ್ಸ ಹೋತ್ತ್ ಅಂದೇಳಿ ಅಲ್ಲ ರತ್ನಾಕರಣ್ಣ. ಎರಡ್ ದಿನ ನಾನ್ ನನ್ನ ನಂಬ್ಲಿಲ್ಲೆ. ನಿಮ್ಮ್ ಕಾಗ್ದ ನಂಬಿದೆ," ಅಂದಳು. ಅವಳ ಕಣ್ಣು ತುಂಬಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಬಚಾವು. ಆದರೆ ತಿಂಗಳಿಗೊಮ್ಮೆ ನಮ್ಮಲ್ಲಿ ಇನ್ನೊಂದು ಕ್ರಮ ಇದೆ. ಮಾರ್ಕು ಹಾಕುವವರ ಕೈ ಒಂದೇ ಸಮ ಇದೆಯಾ ಅಂತ ನೋಡಲು ಹೆಸರು ತೆಗೆದ ಒಂದೇ ಸಾರಾಂಶಕ್ಕೆ ಮೂರು ಜನ ಬೇರೆ ಬೇರೆ ಕೂತು ಮಾರ್ಕು ಹಾಕಬೇಕು. ಒಬ್ಬ ನಾನು, ಒಬ್ಬರು ಮೇಡಂ, ಮೂರನೆಯದು ಏಜೆಂಟರಲ್ಲಿ ಸರದಿಯ ಪ್ರಕಾರ ಒಬ್ಬರು. ಈ ಸಲ ಸರದಿ ಜಲಜಕ್ಕನದು. ಮಂಗಳವಾರ ಮೇಡಂ ಕಂಪ್ಯೂಟರಿನ ಪರದೆಯ ಮೇಲೆ ನಗುತ್ತಾ ಬಂದು ಸಾರಾಂಶ ಹಾಕಿದರು:

'ಏಜೆಂಟ್ ಗ್ರಾಹಕರಿಗೆ ಸಂತಾಪ ಸೂಚಿಸಿದರು. ಗ್ರಾಹಕರು ಭಯದಿಂದ ಕೂಗಿದರು. ಗ್ರಾಹಕರು ಏಜೆಂಟರ ಸಾವನ್ನು ಪ್ರಸ್ತಾಪಿಸಿದರು. ಏಜೆಂಟ್ ಬರುವುದಾಗಿ ಭರವಸೆ ನೀಡಿ ಕರೆ ಮುಗಿಸಿದರು.'

ಹೆಸರು ತೆಗೆದರೂ ಅದು ಯಾರ ಫೋನೆಂದು ಆಫೀಸಿನ ಬೆಕ್ಕಿಗೂ ಗೊತ್ತಿತ್ತು. ಮೂರು ಸಲ ಹೇಳಿದ ನನ್ನ ತಪ್ಪಾಯ್ತು ಒಂದೂ ಅದರಲ್ಲಿಲ್ಲ. ಸುಗುಣಕ್ಕನ ಕೂಗಿನ ಅಡಿಯಲ್ಲಿ ಅದು ಕಂಪ್ಯೂಟರಿಗೆ ಕೇಳಿಸಿರಲಿಲ್ಲವೇನೋ. ಮೇಡಂ ತಮಾಷೆಗೆ ಇಪ್ಪತ್ತು ಹಾಕಿದ್ದರು. ನಾನು ನನಗೇ ಎಷ್ಟು ಹಾಕಿಕೊಂಡೆ ಅಂತ ಕೇಳಬೇಡಿ. ಎಲ್ಲರೂ ಜಲಜಕ್ಕನ ಹಾಳೆ ನೋಡಲು ಕುತ್ತಿಗೆ ಉದ್ದ ಮಾಡಿದರು. ಸೊನ್ನೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಯಾರಿಗೆ ಸಿಗುತ್ತದೆ?

ಅವಳ ಹಾಳೆಯಲ್ಲಿ ಮಾರ್ಕೇ ಇರಲಿಲ್ಲ. ನಾಲ್ಕು ಸಣ್ಣ ಚೌಕಕ್ಕೂ ಟಿಕ್ ಹಾಕಿದ್ದಳು.

"ಇದ್ರಗೆ ಎಂತದೂ ಗೊತ್ತಾತಿಲ್ಲೆ ಮೇಡಂ. ಮೊದ್ಲ್ ಕೇಂಬ, ಮತ್ತೆ ಮಾರ್ಕ್," ಅಂದಳು. ನನ್ನ ಕಡೆ ತಿರುಗಿ, ಚುಚ್ಚುವ ಧ್ವನಿಯೇ ಇಲ್ಲದೆ, "ಈ ಚೌಕ ಎಷ್ಟ್ ದೊಡ್ಡಕಿತ್ತ್ ಕಾಣಿ. ಎರಡ್ ವರ್ಷ ನಿಮ್ಗೆ ಕಾಣ್ಲಿಲ್ಲ್ಯಾ ರತ್ನಾಕರಣ್ಣ?" ಅಂತ ಕೇಳಿದಳು. ನಾನು ಹಾಳೆ ನೋಡಿದೆ. ಚೌಕ ನಿಜಕ್ಕೂ ದೊಡ್ಡದೇ ಇತ್ತು.

ರೆಕಾರ್ಡು ಹಾಕಿದರು. ನನ್ನ ಸಂತಾಪಕ್ಕೆ ಹದಿಮೂರು ಜನ ಹೊಟ್ಟೆ ಹಿಡಿದುಕೊಂಡರು, ಬಟ್ಟೆ ಅಂಗಡಿಯವರು ಮತ್ತೊಮ್ಮೆ ಮೇಲೆ ಬಂದರು. ಜಲಜಕ್ಕ ಮಾತ್ರ ಶಿಸ್ತಾಗಿ ಕೂತು ಬರೆದಳು. ನಮಸ್ಕಾರ ಇಪ್ಪತ್ತೈದು. ಅನುಕಂಪ ಇಪ್ಪತ್ತು, "ಮೂರ್ ಸಲ ತಪ್ಪಾಯ್ತ್ ಅಂದಿರ್, ಬಾಯಿ ಒಣಗಿತ್ತ್ ಪಾಪ." ಮಾಹಿತಿ ಸೊನ್ನೆ, "ಯಾರೂ ಸಾಯ್ಲಿಲ್ಲೆ ಅಲ್ದಾ." ಮುಕ್ತಾಯ ಇಪ್ಪತ್ತೈದು, "ಬತ್ತೆ ಅಂದದ್ದ್ ಸಮಾ ಆಯ್ತ್." ಒಟ್ಟು ಎಪ್ಪತ್ತು. ಎಪ್ಪತ್ತೈದಕ್ಕೆ ಐದು ಕಡಿಮೆ. ಒಂದು ಮಾರ್ಕೂ ಆಚೀಚೆ ಮಾಡಲಿಕ್ಕೆ ನನಗೇ ಜಾಗ ಕಾಣಲಿಲ್ಲ.

ಒಂದು ಫೋನಿನಲ್ಲಷ್ಟೇ ಕಡಿಮೆ ಬಂದವರು ಒಂದು ದಿನ ಒಳ್ಳೆಯ ಏಜೆಂಟರ ಪಕ್ಕ ಕೂತು ಕಲಿಯಬೇಕೆಂದು ನಿಯಮ ಬರೆದದ್ದು ನಾನೇ. ಹಾಗಾಗಿ ಒಂದನೇ ತಾರೀಖು ಜಲಜಕ್ಕ ತನ್ನ ಕುರ್ಚಿಯಲ್ಲೇ ಇದ್ದಳು, ಪಕ್ಕದ ಸ್ಟೂಲಿನಲ್ಲಿ ಇನ್ನೊಂದು ಹೆಡ್‌ಫೋನು ಹಾಕಿಕೊಂಡು ನಾನು. ಮೊದಲ ಫೋನು ಬ್ರಹ್ಮಾವರದಿಂದ ಬಂತು. ಅವಳು ನಮಸ್ಕಾರ ಹೇಳಿ, "ಹೇಳಿ ಕಾಂಬ, ಎಂತ ಆಯ್ತ್" ಅಂದಳು.

"ಎಂತ ಸಾವ್ ಮರ್ರೆ ಈ ಗ್ರೈಂಡರಿಂದ್," ಅಂತ ಆ ಕಡೆಯ ಗಂಡಸು ಶುರು ಮಾಡಿದ.

ಜಲಜಕ್ಕ ಮೈಕಿಗೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು. "ರತ್ನಾಕರಣ್ಣ, ನೀವ್ ಮಾತಾಡ್ತ್ರ್ಯಾ?"